ವಿಳಾಸವಿಲ್ಲದ ಪ್ರಿಂಟರ್ ವಿಳಾಸ ಕೇಳುವ ಬಗೆ

ಚನ್ನಪಟ್ಟಣವಿರಲಿ, ಮಾಗಡಿಯಿರಲಿ, ಕನಕಪುರವಿರಲಿ, ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಝೆರಾಕ್ಸ್ ಅಂಗಡಿಗಳ ಒಂದು ಸಾಲು ಇದ್ದೇ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆಲ್ಲ ಜನ ಸೇರಿರುತ್ತಾರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಇಸಿ, ಮಗಳ ಕಾಲೇಜು ಸೇರಿಸಲು ಬಂದವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅಂಗಡಿಯಲ್ಲಿ ಮೂರು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಪ್ರಿಂಟರ್ ಯುಎಸ್‌ಬಿ ವೈರಿನಲ್ಲಿ ಮೊದಲ ಕಂಪ್ಯೂಟರಿಗೆ ಅಂಟಿಕೊಂಡಿದೆ. ಆ ಕಂಪ್ಯೂಟರ್ ಅಪ್‌ಡೇಟ್ ಅಂತ ಕೂತರೆ ಉಳಿದೆರಡರ ಮುಂದೆ ಇರುವವರೂ ಕೂತೇ ಇರಬೇಕು. ಯುಎಸ್‌ಬಿ ವೈರನ್ನು ಐದು ಮೀಟರಿಗಿಂತ ದೂರ ಎಳೆಯುವಂತೆಯೂ ಇಲ್ಲ. ಇದಕ್ಕೆ ಸರಿಯಾದ ದಾರಿಯೆಂದರೆ ಪ್ರಿಂಟರನ್ನು ಯಾವ ಕಂಪ್ಯೂಟರಿಗೂ ಸೇರಿಸದೆ ಲ್ಯಾನ್ ಕೇಬಲ್ಲಿನಲ್ಲಿ ನೇರವಾಗಿ ರೂಟರಿಗೆ ಸೇರಿಸುವುದು. ಕೇಬಲ್ ನೂರು ಮೀಟರ್‌ವರೆಗೆ ಹೋಗಬಹುದು, ಮೂರೂ ಕಂಪ್ಯೂಟರುಗಳಿಗೆ ಪ್ರಿಂಟರ್ ಸಮಾನವಾಗಿ ಸಿಗುತ್ತದೆ.

ಕೇಬಲ್ ಹಾಕುವುದು ಒಂದು ನಿಮಿಷದ ಕೆಲಸ. ತಡಕಾಟ ಶುರುವಾಗುವುದು ಅದರ ನಂತರ. ಕಂಪ್ಯೂಟರು "ಪ್ರಿಂಟರಿನ ಐಪಿ ವಿಳಾಸ ಕೊಡಿ" ಎಂದು ಒಂದು ಖಾಲಿ ಚೌಕ ತೋರಿಸುತ್ತದೆ. ಈಗತಾನೇ ಡಬ್ಬದಿಂದ ತೆಗೆದ ಯಂತ್ರದ ವಿಳಾಸ ಎಲ್ಲಿದೆ? ಡಬ್ಬದ ಮೇಲಿಲ್ಲ, ಕೈಪಿಡಿಯಲ್ಲಿಲ್ಲ, ಯಂತ್ರದ ಹಿಂದಿನ ಚೀಟಿಯಲ್ಲೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಏಕೆಂದರೆ ಕೇಬಲ್ ಹಾಕುವ ತನಕ ಆ ವಿಳಾಸ ಹುಟ್ಟಿರುವುದೇ ಇಲ್ಲ. ಅದು ಹುಟ್ಟುವ ಬಗೆ ತಿಳಿದರೆ ಅದನ್ನು ಎಲ್ಲಿ ಹುಡುಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಯಂತ್ರದ ಹಿಂದಿನ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್ ವಿಳಾಸ, ಹನ್ನೆರಡು ಅಂಕಿ-ಅಕ್ಷರಗಳ ಒಂದು ಗುರುತು. ನಮ್ಮ ಉದಾಹರಣೆಯ ಪ್ರಿಂಟರಿನದು `00:80:77:4A:1C:92` ಎಂದಿಟ್ಟುಕೊಳ್ಳೋಣ. ಇದರ ಮೊದಲ ಅರ್ಧವನ್ನು ಐಇಇಇ ಸಂಸ್ಥೆ ತಯಾರಕರಿಗೆ ಹಂಚುತ್ತದೆ. `00:80:77` ಬ್ರದರ್ ಕಂಪನಿಗೆ ಸಿಕ್ಕಿರುವ ಭಾಗ. ಉಳಿದರ್ಧವನ್ನು ಕಂಪನಿ ಒಂದೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ ಕೊಡುತ್ತದೆ. ಈ ಗುರುತು ಯಂತ್ರದ ಜೊತೆಗೇ ಹುಟ್ಟಿ ಜೊತೆಗೇ ಇರುತ್ತದೆ. ಐಪಿ ವಿಳಾಸ ಹಾಗಲ್ಲ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತಂದ ರೈತನಿಗೆ ಆ ದಿನಕ್ಕೊಂದು ಲಾಟ್ ನಂಬರ್ ಸಿಗುತ್ತದೆ. ಹರಾಜು, ತೂಕ, ಲೆಕ್ಕ ಎಲ್ಲ ನಡೆಯುವುದು ಆ ನಂಬರಿನ ಮೇಲೆ. ಮುಂದಿನ ಬೆಳೆ ತಂದಾಗ ನಂಬರ್ ಬೇರೆ, ರೈತ ಮಾತ್ರ ಅವನೇ. ಮ್ಯಾಕ್ ವಿಳಾಸ ಆ ರೈತನ ಹೆಸರು. ಐಪಿ ವಿಳಾಸ ಅವನಿಗೆ ಸಿಕ್ಕ ಲಾಟ್ ನಂಬರ್. ನಂಬರ್ ಕೊಡುವ ಕೆಲಸ ಅಂಗಡಿಯ ರೂಟರಿನದು.

ಇಲ್ಲೊಂದು ಸೊಗಸಾದ ತೊಡಕಿದೆ. ಜಾಲದಲ್ಲಿ ಯಾರಿಗಾದರೂ ಮಾತು ತಲುಪಿಸಬೇಕೆಂದರೆ ಅವರ ವಿಳಾಸವೂ ಬೇಕು, ನಮ್ಮ ವಿಳಾಸವೂ ಬೇಕು. ಹೊಸ ಪ್ರಿಂಟರಿಗೆ ತನ್ನದೂ ಗೊತ್ತಿಲ್ಲ, ರೂಟರಿನದೂ ಗೊತ್ತಿಲ್ಲ. ಹಾಗಿರುವಾಗ ನಂಬರ್ ಕೇಳುವುದು ಯಾರನ್ನು, ಹೇಗೆ?

ಕೇಬಲ್ ಸಿಕ್ಕಿಸಿದ ಕೆಲವೇ ಸೆಕೆಂಡುಗಳಲ್ಲಿ ಪ್ರಿಂಟರ್ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಕಳಿಸಿದವರ ವಿಳಾಸ ಬರೆಯುವ ಜಾಗದಲ್ಲಿ `0.0.0.0`, ಅಂದರೆ ಇನ್ನೂ ಯಾವುದೂ ಇಲ್ಲ. ತಲುಪಬೇಕಾದವರ ಜಾಗದಲ್ಲಿ `255.255.255.255`, ಅಂದರೆ ಈ ಜಾಲದಲ್ಲಿರುವ ಎಲ್ಲರೂ. ಒಳಗೆ ತನ್ನ ಮ್ಯಾಕ್ ಗುರುತು, ಜೊತೆಗೆ "ನನಗೊಂದು ನಂಬರ್ ಕೊಡುವವರು ಯಾರಾದರೂ ಇದ್ದೀರಾ" ಎಂಬ ಪ್ರಶ್ನೆ. ಅಂಗಡಿಯ ಮೂರೂ ಕಂಪ್ಯೂಟರುಗಳಿಗೆ, ವೈಫೈನಲ್ಲಿರುವ ಫೋನುಗಳಿಗೆ, ರೂಟರಿಗೆ, ಎಲ್ಲರಿಗೂ ಅದು ತಲುಪುತ್ತದೆ. ಉತ್ತರಿಸುವುದು ರೂಟರ್ ಮಾತ್ರ: "192.168.29.47 ಖಾಲಿಯಿದೆ, ಬೇಕೇ?" ಪ್ರಿಂಟರ್ ಮತ್ತೆ ಎಲ್ಲರಿಗೂ ಕೇಳುವಂತೆಯೇ "ಆ ನಂಬರ್ ನನಗಿರಲಿ" ಅನ್ನುತ್ತದೆ. ಒಪ್ಪಿಗೆಯನ್ನೂ ಎಲ್ಲರಿಗೂ ಕೇಳಿಸುವುದಕ್ಕೆ ಕಾರಣವಿದೆ: ಜಾಲದಲ್ಲಿ ನಂಬರ್ ಕೊಡುವವರು ಇಬ್ಬರಿದ್ದರೆ, ಒಪ್ಪಿಗೆ ಸಿಗದವರು ತಾವು ಎತ್ತಿಟ್ಟ ನಂಬರನ್ನು ವಾಪಸು ತೆಗೆದುಕೊಳ್ಳಬೇಕಲ್ಲ. ಕೊನೆಗೆ ರೂಟರ್ "ಆಯಿತು, ಇಷ್ಟು ಹೊತ್ತು ನಿನ್ನದು" ಎಂದು ಗಡುವು ಹಾಕಿ ನಂಬರ್ ಕೊಡುತ್ತದೆ. ಗಡುವು ಅರ್ಧ ಕಳೆದಾಗ ಪ್ರಿಂಟರ್ ತಾನಾಗಿಯೇ ನವೀಕರಣ ಕೇಳುತ್ತದೆ.

ನಾಲ್ಕು ಸಂದೇಶಗಳ ಈ ಕ್ರಮಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಇದು ಪ್ರಕಟವಾದದ್ದು 1993ರಲ್ಲಿ. ಇವತ್ತಿಗೂ ಬಳಕೆಯಲ್ಲಿರುವ ರೂಪವನ್ನು ರಾಲ್ಫ್ ಡ್ರೋಮ್ಸ್ 1997ರಲ್ಲಿ ಬರೆದುಕೊಟ್ಟರು. ಈಥರ್ನೆಟ್ ಅದಕ್ಕಿಂತ ಎರಡು ದಶಕ ಹಿರಿಯದು, ಮತ್ತು ಅದಕ್ಕೂ ಪ್ರಿಂಟರಿಗೂ ಹಳೆಯ ನಂಟು. 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಅವರ ಲೇಸರ್ ಪ್ರಿಂಟರ್ ಸೆಕೆಂಡಿಗೊಂದು ಹಾಳೆ ಮುದ್ರಿಸುವ ಮಟ್ಟಕ್ಕೆ ಬಂದಿತ್ತು. ಅಲ್ಲಿನ ಆಲ್ಟೋ ಕಂಪ್ಯೂಟರುಗಳೆಲ್ಲ ಅದೊಂದೇ ಪ್ರಿಂಟರನ್ನು ಹಂಚಿಕೊಳ್ಳಬೇಕು, ಅಷ್ಟು ವೇಗವಾಗಿ ಪುಟಗಳನ್ನು ಅದಕ್ಕೆ ತಲುಪಿಸಬೇಕು. ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಈಥರ್ನೆಟ್ ಕಟ್ಟಲು ಹೊರಟದ್ದು ಮುಖ್ಯವಾಗಿ ಈ ಅಗತ್ಯಕ್ಕೆ. ತಾಲ್ಲೂಕು ಕಚೇರಿ ಎದುರಿನ ಅಂಗಡಿಯಲ್ಲಿ ಮೂರು ಕಂಪ್ಯೂಟರು ಒಂದು ಪ್ರಿಂಟರನ್ನು ಹಂಚಿಕೊಂಡಾಗ ಈಥರ್ನೆಟ್ ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತಿರುತ್ತದೆ.

ಈಗ ಕೇಬಲ್ ಹಾಕೋಣ. ಕೊಳ್ಳುವಾಗಲೇ ಯಂತ್ರದ ಹಿಂಭಾಗ ನೋಡಿರಬೇಕು. ಅಗ್ಗದ ಪ್ರಿಂಟರುಗಳಲ್ಲಿ ಯುಎಸ್‌ಬಿ ಮತ್ತು ವೈಫೈ ಮಾತ್ರ ಇರುತ್ತವೆ. ಲ್ಯಾನ್ ಕಿಂಡಿ ಇದ್ದರೂ ಎಷ್ಟೋ ಸಲ ಅದರ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಫ್ಯಾಕ್ಸ್ ಇರುವ ಯಂತ್ರದಲ್ಲಿ ಅದರ ಪಕ್ಕದಲ್ಲೇ ಫೋನ್ ವೈರಿನ ಸಣ್ಣ ಕಿಂಡಿಗಳೂ ಇರುತ್ತವೆ. ಲ್ಯಾನ್ ಪ್ಲಗ್ ಅದರೊಳಗೆ ಹಿಡಿಯುವುದಿಲ್ಲ, ಒತ್ತಿ ತುರುಕಬಾರದು. ರೂಟರಿನ ಕಡೆ ಮಾತ್ರ ಎಚ್ಚರ ಬೇಕು. ಅಲ್ಲಿ ಹೊರಗಿನ ಇಂಟರ್ನೆಟ್ ಬರುವ ವ್ಯಾನ್ ಕಿಂಡಿಯೂ ಒಳಗಿನ ಲ್ಯಾನ್ ಕಿಂಡಿಗಳೂ ಆಕಾರದಲ್ಲಿ ಒಂದೇ. ಬಣ್ಣ ಬೇರೆಯಿರುವ ಕಿಂಡಿ ವ್ಯಾನ್ ಎಂದುಕೊಂಡು, ಒಂದೇ ಬಣ್ಣದ ಸಾಲಿನಲ್ಲಿ ಒಂದನ್ನು ಆರಿಸಿಕೊಳ್ಳುವುದು ಕ್ಷೇಮ. ಎರಡೂ ತುದಿಯಲ್ಲಿ ಪ್ಲಗ್ "ಟಕ್" ಎಂದು ಕೂರಬೇಕು. ಕೂತ ಮೇಲೆ ಕಿಂಡಿಯ ಪಕ್ಕದ ಪುಟ್ಟ ದೀಪ ಹತ್ತಬೇಕು. ಈ ದೀಪ ಒಂದನ್ನೇ ಹೇಳುತ್ತದೆ, ಆದರೆ ಖಚಿತವಾಗಿ ಹೇಳುತ್ತದೆ: ತಾಮ್ರ ಸರಿಯಿದೆ, ಎರಡೂ ತುದಿಯ ಯಂತ್ರಗಳು ಒಂದಕ್ಕೊಂದು ಕಂಡಿವೆ. ದೀಪ ಹತ್ತದಿದ್ದರೆ ಮುಂದಿನ ಯಾವ ಹೆಜ್ಜೆಯೂ ಫಲ ಕೊಡದು; ಕೇಬಲ್ ಬದಲಿಸಿ, ಕಿಂಡಿ ಬದಲಿಸಿ. ದೀಪ ಹತ್ತಿಯೂ ನಂಬರ್ ಸಿಗದಿದ್ದರೆ ಪ್ರಿಂಟರಿನ ಮೆನುವಿನಲ್ಲಿ ವೈಫೈ ಆನ್ ಆಗಿದೆಯೇ ನೋಡಿ. ಹಲವು ಯಂತ್ರಗಳಲ್ಲಿ ವೈಫೈ ಮತ್ತು ಕೇಬಲ್ ಎರಡೂ ಒಟ್ಟಿಗೆ ನಡೆಯುವುದಿಲ್ಲ.

ನಂಬರ್ ಏನು ಸಿಕ್ಕಿತು ಎಂದು ತಿಳಿಯಲು ಮೊದಲು ಕೇಳಬೇಕಾದದ್ದು ಪ್ರಿಂಟರನ್ನೇ. ಅದಕ್ಕೆ ಬರೆಯಲು ಬರುತ್ತದೆ, ಅದರ ಕೆಲಸವೇ ಅದು. ಪರದೆ ಇರುವ ಯಂತ್ರದಲ್ಲಿ ಮೆನುವಿನೊಳಗೆ ರಿಪೋರ್ಟ್ಸ್ ಎಂಬ ಭಾಗವಿರುತ್ತದೆ, ಅದರಲ್ಲಿ ನೆಟ್‌ವರ್ಕ್ ಕಾನ್ಫಿಗರೇಶನ್ ಎಂಬ ಪುಟ. ಪರದೆ ಇಲ್ಲದ ಯಂತ್ರಗಳಲ್ಲಿ ಇರುವ ಒಂದೋ ಎರಡೋ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅಥವಾ ಹಲವು ಸಲ ಒತ್ತಿದರೆ ಆ ಪುಟ ಹೊರಬರುತ್ತದೆ. ಎಷ್ಟು ಸಲ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕಂಪ್ಯೂಟರೇ ಇಲ್ಲದೆ, ಡ್ರೈವರೇ ಇಲ್ಲದೆ ಈ ಪುಟ ಬರುತ್ತದೆ ಎಂಬುದು ಇದರ ದೊಡ್ಡ ಗುಣ. ಅದರಲ್ಲಿ ನಮಗೆ ಬೇಕಾದ ಸಾಲುಗಳು ಹೀಗಿರುತ್ತವೆ:

```
IP Address    192.168.29.47
Subnet Mask   255.255.255.0
Gateway       192.168.29.1
MAC Address   00:80:77:4A:1C:92
```

ಇದರಲ್ಲಿ ಮೊದಲ ಸಾಲಿನಷ್ಟೇ ಮುಖ್ಯವಾದದ್ದು ಮೂರನೆಯದು. ಗೇಟ್‌ವೇ ಎಂದರೆ ಪ್ರಿಂಟರಿಗೆ ನಂಬರ್ ಕೊಟ್ಟ ರೂಟರ್. ಅಂಗಡಿಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಎಂದು ಬರೆದರೆ ಕಂಪ್ಯೂಟರಿನ ಗೇಟ್‌ವೇ ಕಾಣುತ್ತದೆ. ಎರಡೂ ಒಂದೇ ಆಗಿದ್ದರೆ ಇಬ್ಬರೂ ಒಂದೇ ಜಾಲದಲ್ಲಿದ್ದಾರೆ. ಜಿಯೋಫೈಬರ್ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯವಾಗಿ `192.168.29.1`, ಬೇರೆ ಬಹಳಷ್ಟು ಫೈಬರ್ ಪೆಟ್ಟಿಗೆಗಳಲ್ಲಿ `192.168.1.1`.

ಪ್ರಿಂಟರಿನಲ್ಲಿ ಟೋನರ್ ಇನ್ನೂ ಹಾಕಿಲ್ಲ, ಅಥವಾ ಯಾವ ಗುಂಡಿ ಎಂದು ಗೊತ್ತಾಗುತ್ತಿಲ್ಲ ಅಂದರೆ ನಂಬರ್ ಕೊಟ್ಟವರನ್ನೇ ಕೇಳಬಹುದು. ಬ್ರೌಸರಿನಲ್ಲಿ ರೂಟರಿನ ವಿಳಾಸ ಬರೆದು ಒಳಗೆ ಹೋದರೆ ಯಾರ್‍ಯಾರಿಗೆ ಯಾವ ನಂಬರ್ ಕೊಟ್ಟಿದೆ ಎಂಬ ಪಟ್ಟಿ ಇರುತ್ತದೆ. ಫೋನು, ಟಿವಿ, ಸಿಸಿಟಿವಿ ಡಬ್ಬ ಎಲ್ಲ ಅದರಲ್ಲಿ ಸೇರಿರುವುದರಿಂದ ಪ್ರಿಂಟರ್ ಯಾವುದೆಂದು ಗುರುತಿಸಬೇಕು. ಕೇಬಲ್ಲಿನಲ್ಲಿರುವ ಬ್ರದರ್ ಯಂತ್ರ ತನ್ನ ಹೆಸರನ್ನು BRN ಎಂದು ಶುರುಮಾಡಿ ಮುಂದೆ ಮ್ಯಾಕ್ ಗುರುತು ಸೇರಿಸಿ ಹೇಳುತ್ತದೆ. ನಮ್ಮ ಯಂತ್ರ `BRN0080774A1C92` ಎಂದು ಕಾಣುತ್ತದೆ. ಎಚ್‌ಪಿಯ ಲೇಸರ್ ಯಂತ್ರಗಳಲ್ಲಿ NPI ಎಂಬ ಆರಂಭ ಸಾಮಾನ್ಯ. ಹೆಸರು ಬಿದ್ದಿಲ್ಲದಿದ್ದರೂ ಹಿಂದಿನ ಚೀಟಿಯ ಮ್ಯಾಕ್ ಗುರುತಿಗೆ ಹೊಂದುವ ಸಾಲು ಪಟ್ಟಿಯಲ್ಲಿ ಒಂದೇ ಇರುತ್ತದೆ.

ರೂಟರಿನ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ? ಚಿಕ್ಕ ಊರಿನ ಅಂಗಡಿಗಳಲ್ಲಿ ಇದು ದಿನನಿತ್ಯದ ಮಾತು. ಲೈನ್ ಎಳೆದುಕೊಟ್ಟು ಹೋದವರಿಗೇ ಅದು ಗೊತ್ತಿರುತ್ತದೆ. ಆಗಲೂ ಒಂದು ದಾರಿ ಇದೆ, ಮತ್ತು ಈ ಅಧ್ಯಾಯದಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಒಂದೇ ಜಾಲದಲ್ಲಿರುವ ಯಂತ್ರಗಳು ಕೊನೆಯ ಹೆಜ್ಜೆಯಲ್ಲಿ ಮಾತಾಡುವುದು ಮ್ಯಾಕ್ ಗುರುತಿನಿಂದ. ಆದ್ದರಿಂದ ಕಂಪ್ಯೂಟರ್ ಯಾವುದೇ ಐಪಿಗೆ ಏನಾದರೂ ಕಳಿಸುವ ಮೊದಲು "ಈ ನಂಬರ್ ಯಾರದು, ನಿಮ್ಮ ಮ್ಯಾಕ್ ಹೇಳಿ" ಎಂದು ಎಲ್ಲರನ್ನೂ ಕೇಳುತ್ತದೆ. 1982ರಲ್ಲಿ ಡೇವಿಡ್ ಪ್ಲಮ್ಮರ್ ರೂಪಿಸಿದ ಎಆರ್‌ಪಿ ಎಂಬ ಕ್ರಮ ಇದು. ಬಂದ ಉತ್ತರಗಳನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಅಂಗಡಿಯ ಜಾಲದಲ್ಲಿ ಇರಬಹುದಾದ ನಂಬರುಗಳು 254. ಎಲ್ಲವಕ್ಕೂ ಒಂದೊಂದು ಪಿಂಗ್ ಕಳಿಸಿ, ಆಮೇಲೆ ನೆನಪಿನಲ್ಲಿ ಏನಿದೆ ಎಂದು ನೋಡಿದರೆ ಆಯಿತು:

```
for /L %i in (1,1,254) do @ping -n 1 -w 300 192.168.29.%i >nul
arp -a | find "00-80-77"
```

ಮೊದಲ ಸಾಲು ಮುಗಿಯಲು ಕೆಲವು ನಿಮಿಷ ಬೇಕು. ಎರಡನೆಯದು ಬ್ರದರ್ ಗುರುತಿನಿಂದ ಶುರುವಾಗುವ ಮ್ಯಾಕ್ ಮತ್ತು ಅದರ ಪಕ್ಕದ ಐಪಿಯನ್ನು ತೋರಿಸುತ್ತದೆ. ವಿಂಡೋಸ್ ಇಲ್ಲಿ ಎರಡು ಚುಕ್ಕಿಯ ಬದಲು ಅಡ್ಡಗೆರೆ ಹಾಕುವುದರಿಂದ ನಾವೂ ಅಡ್ಡಗೆರೆಯಲ್ಲೇ ಹುಡುಕಬೇಕು; ಅಕ್ಷರಗಳಿದ್ದರೆ ಚಿಕ್ಕಕ್ಷರದಲ್ಲಿ ಬರೆಯಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಪಿಂಗ್‌ಗೆ ಉತ್ತರಿಸಬಾರದು ಎಂದು ಯಂತ್ರವನ್ನು ಹೊಂದಿಸಿದ್ದರೂ ಎಆರ್‌ಪಿಗೆ ಅದು ಉತ್ತರಿಸಲೇಬೇಕು. ಉತ್ತರಿಸದಿದ್ದರೆ ಜಾಲದಲ್ಲಿ ಅದರೊಂದಿಗೆ ಯಾರೂ ಮಾತಾಡಲಾಗದು. ಹಾಗಾಗಿ ಪಿಂಗ್ ಸೋತ ಕಡೆಯೂ ಈ ಪಟ್ಟಿ ಕೆಲಸ ಮಾಡುತ್ತದೆ.

ನಂಬರ್ ಕೈಗೆ ಬಂತು. ಬ್ರೌಸರಿನಲ್ಲಿ `http://192.168.29.47` ಎಂದು ಬರೆದರೆ ಪ್ರಿಂಟರಿನದೇ ಪುಟ ತೆರೆದುಕೊಳ್ಳುತ್ತದೆ, ಏಕೆಂದರೆ ಅದರೊಳಗೆ ಒಂದು ಪುಟ್ಟ ವೆಬ್ ಸರ್ವರ್ ಇದೆ. ಬ್ರೌಸರ್ "ಸುರಕ್ಷಿತವಲ್ಲ" ಎಂದು ಎಚ್ಚರಿಸಿದರೆ ಗಾಬರಿ ಬೇಡ. ಪುಟ https ಇಲ್ಲದೆ ಬರುತ್ತಿದೆ, ಅಥವಾ ಪ್ರಿಂಟರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿದೆ, ಅಷ್ಟೆ. ಆದರೆ ಆ ಪುಟದ ಪಾಸ್‌ವರ್ಡನ್ನು ಅಲ್ಲೇ ಬದಲಾಯಿಸಿಬಿಡಿ. ಅಂಗಡಿಯ ವೈಫೈ ಗಿರಾಕಿಗಳಿಗೂ ಸಿಗುವಂತಿದ್ದರೆ ಆ ಪುಟವೂ ಅವರಿಗೆ ಸಿಗುತ್ತದೆ. ಕಂಪ್ಯೂಟರುಗಳಲ್ಲಿ ಪ್ರಿಂಟರ್ ಸೇರಿಸುವಾಗ ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ತೆಗೆದುಕೊಂಡು ಅದೇ ನಂಬರ್ ಕೊಟ್ಟರೆ, ವಿಂಡೋಸ್ ಸಾಮಾನ್ಯವಾಗಿ 9100 ಎಂಬ ಬಾಗಿಲಿನಿಂದ ಪುಟಗಳನ್ನು ಕಳಿಸಲು ಶುರುಮಾಡುತ್ತದೆ.

ಎಲ್ಲ ಸರಿಯಿದ್ದರೂ ಪ್ರಿಂಟರ್ ಸಿಗದ ಒಂದು ಸಂದರ್ಭವನ್ನು ವಿವರವಾಗಿ ನೋಡಬೇಕು, ನಮ್ಮ ಊರುಗಳಲ್ಲಿ ಅದು ಅಷ್ಟು ಸಾಮಾನ್ಯ. ಫೋನಿನಲ್ಲಿ ಮಾತು ಹೀಗೆ ನಡೆಯುತ್ತದೆ:

"ಅಣ್ಣ, ಶೀಟ್ ತೆಗ್ದೆ. ಐಪಿ 192.168.0.105 ಅಂತ ಬಂದೈತೆ. ಸಿಸ್ಟಮ್ಮಲ್ಲಿ ಹಾಕಿದ್ರೆ ತಗೋತಿಲ್ಲ."

"ಸಿಸ್ಟಮ್ಮಿನ ಗೇಟ್‌ವೇ ಎಷ್ಟೈತೆ ನೋಡು."

"192.168.29.1."

"ಹಂಗಾದ್ರೆ ಅಂಗಡೀಲಿ ಎರಡು ಡಬ್ಬ ಅವೆ. ಕೇಬಲ್ ಯಾವುದಕ್ಕೆ ಹಾಕಿದ್ದೀಯ?"

"ಆಂಟೆನಾ ಇರೋ ಬಿಳೀದಕ್ಕೆ."

ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯ ವೈಫೈ ಹಿಂದಿನ ಕೋಣೆಗೆ ಸಿಗದಿದ್ದಾಗ ಇನ್ನೊಂದು ವೈಫೈ ರೂಟರ್ ತಂದು ಅದರ ವ್ಯಾನ್ ಕಿಂಡಿಗೆ ಮೊದಲನೆಯದರಿಂದ ಕೇಬಲ್ ಕೊಟ್ಟಿರುತ್ತಾರೆ. ಈಗ ಅಂಗಡಿಯಲ್ಲಿ ಎರಡು ಜಾಲ. ಹೊರಗಿನದು 29ರ ಸರಣಿ, ಒಳಗಿನದು 0ಯ ಸರಣಿ. ಎರಡರಲ್ಲೂ ನಂಬರ್ ಕೊಡುವವರು ಬೇರೆ ಬೇರೆ. ಪ್ರಿಂಟರ್ ಒಳಗಿನದಕ್ಕೆ ಸೇರಿತು, ಕಂಪ್ಯೂಟರುಗಳು ಹೊರಗಿನದರಲ್ಲಿವೆ. ಒಳಗಿನ ರೂಟರ್ ಹೊರಗಿನಿಂದ ಬರುವ ಕೋರಿಕೆಯನ್ನು ಒಳಗೆ ಬಿಡುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ವಿಚಿತ್ರವೆಂದರೆ ತಿರುಗಾಮುರುಗಾ ಆದರೆ ಅರ್ಧ ಕೆಲಸ ನಡೆಯುತ್ತದೆ: ಪ್ರಿಂಟರ್ ಹೊರಗಿದ್ದು ಲ್ಯಾಪ್‌ಟಾಪ್ ಒಳಗಿದ್ದರೆ, ನಂಬರ್ ಬರೆದುಕೊಟ್ಟಾಗ ಪುಟ ಮುದ್ರಣವಾಗುತ್ತದೆ, ಆದರೆ ತಾನಾಗಿ ಹುಡುಕುವ ಪಟ್ಟಿಯಲ್ಲಿ ಪ್ರಿಂಟರ್ ಕಾಣುವುದಿಲ್ಲ. ಎಲ್ಲರಿಗೂ ಕಳಿಸುವ ಕೂಗು ರೂಟರನ್ನು ದಾಟುವುದಿಲ್ಲವಾದ್ದರಿಂದ ಹೀಗೆ. ತಕ್ಷಣದ ಪರಿಹಾರ, ಪ್ರಿಂಟರಿನ ಕೇಬಲ್ಲನ್ನು ಫೈಬರ್ ಪೆಟ್ಟಿಗೆಗೇ ಹಾಕುವುದು. ಶಾಶ್ವತ ಪರಿಹಾರ, ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸುವುದು. ಆಗ ಅದು ನಂಬರ್ ಕೊಡುವುದನ್ನು ಬಿಟ್ಟು ವೈಫೈ ಹರಡುವ ಕೆಲಸವನ್ನಷ್ಟೇ ಮಾಡುತ್ತದೆ.

ಪುಟದಲ್ಲಿ `169.254` ಎಂದು ಶುರುವಾಗುವ ನಂಬರ್ ಬಂದರೆ ಕಥೆ ಬೇರೆ. ಪ್ರಿಂಟರ್ ಕೇಳಿತು, ಯಾರೂ ಉತ್ತರಿಸಲಿಲ್ಲ, ಕಾದು ಸಾಕಾಗಿ ಆ ಸರಣಿಯಿಂದ ತಾನೇ ಒಂದನ್ನು ಆರಿಸಿಕೊಂಡಿತು ಎಂದರ್ಥ. ಈ ಸರಣಿಯನ್ನು ಇದಕ್ಕೆಂದೇ ಮೀಸಲಿಡಲಾಗಿದೆ. ಅದನ್ನು ಪ್ರಿಂಟರಿನ ವಿಳಾಸವೆಂದು ಕಂಪ್ಯೂಟರಿಗೆ ಬರೆದುಕೊಡಬೇಡಿ. ಕೇಬಲ್ ಬಿಟ್ಟರೆ ಇದಕ್ಕೆ ಕಾರಣ ಹೆಚ್ಚಾಗಿ ಕರೆಂಟು. ಬೆಸ್ಕಾಂ ಕರೆಂಟ್ ಹೋಗಿ ಬಂದಾಗ ಪ್ರಿಂಟರೂ ರೂಟರೂ ಒಟ್ಟಿಗೆ ಎದ್ದೇಳುತ್ತವೆ. ಫೈಬರ್ ಪೆಟ್ಟಿಗೆಗೆ ಪೂರ್ತಿ ಎಚ್ಚರವಾಗಲು ಒಂದೆರಡು ನಿಮಿಷ ಬೇಕು, ಪ್ರಿಂಟರ್ ಅಷ್ಟರಲ್ಲಿ ಕೇಳಿ ಮುಗಿಸಿರುತ್ತದೆ. ಬಹಳಷ್ಟು ಯಂತ್ರಗಳು ಮತ್ತೆ ಮತ್ತೆ ಕೇಳಿ ಸರಿಯಾಗುತ್ತವೆ. ಕೆಲವು ಆಗುವುದಿಲ್ಲ, ಅವನ್ನು ಒಮ್ಮೆ ಆರಿಸಿ ಹಾಕಬೇಕು. ರೂಟರಿಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಆ ಯುಪಿಎಸ್‌ಗೆ ಸೇರಿಸಬಾರದು. ಅದರ ಹೀಟರ್ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆದುಕೊಳ್ಳುವುದಿಲ್ಲ.

ಇನ್ನು ಉಳಿದದ್ದು ನಂಬರನ್ನು ಗಟ್ಟಿ ಮಾಡುವುದು. ಮೂರೂ ಕಂಪ್ಯೂಟರುಗಳು 47ನ್ನು ಬರೆದಿಟ್ಟುಕೊಂಡಿವೆ. ನಾಲ್ಕು ದಿನ ಅಂಗಡಿ ಬಾಗಿಲು ಹಾಕಿ, ತೆರೆದ ದಿನ ರೂಟರ್ ಆ 47ನ್ನು ಯಾರದೋ ಫೋನಿಗೆ ಕೊಟ್ಟು ಪ್ರಿಂಟರಿಗೆ 52 ಕೊಟ್ಟರೆ ಮೂರೂ ಕಡೆ "ಆಫ್‌ಲೈನ್" ಎಂದು ಬರುತ್ತದೆ. ಪ್ರಿಂಟರ್ ಚೆನ್ನಾಗಿಯೇ ಇರುತ್ತದೆ, ಹುಡುಕುವವರು ಹಳೆಯ ನಂಬರಿನಲ್ಲಿ ಹುಡುಕುತ್ತಿರುತ್ತಾರೆ. ಇದನ್ನು ತಪ್ಪಿಸಲು ಎರಡು ದಾರಿ. ಪ್ರಿಂಟರಿನ ಮೆನುವಿನಲ್ಲೇ ನಂಬರನ್ನು ಕೈಯಾರೆ ಬರೆದುಬಿಡುವುದು ಒಂದು, ರೂಟರಿನಲ್ಲಿ ಮೀಸಲಿಡುವುದು ಇನ್ನೊಂದು. ಎರಡನೆಯದೇ ಮೇಲೆಂದು ನಾನು ಖಚಿತವಾಗಿ ಹೇಳುತ್ತೇನೆ. ರೂಟರಿನ ಪುಟದಲ್ಲಿ Address Reservation ಅಥವಾ ಅದನ್ನು ಹೋಲುವ ಹೆಸರಿನ ಕಡೆ ಮ್ಯಾಕ್ `00:80:77:4A:1C:92`, ಐಪಿ `192.168.29.47` ಎಂದು ಜೋಡಿಸಿದರೆ, ಆ ಯಂತ್ರ ಎಷ್ಟು ಸಲ ಕೇಳಿದರೂ ಅದೇ ನಂಬರ್ ಸಿಗುತ್ತದೆ, ಬೇರೆಯವರಿಗೆ ಅದು ಹೋಗುವುದಿಲ್ಲ. ಜೋಡಿಸಿದ ಮೇಲೆ ಪ್ರಿಂಟರನ್ನು ಆರಿಸಿ ಹಾಕಿ, ಪುಟ ಇನ್ನೊಮ್ಮೆ ತೆಗೆದು 47 ಎಂದೇ ಬಂದಿದೆಯೇ ನೋಡಬೇಕು.

ಕೈಯಾರೆ ಬರೆದದ್ದರ ತೊಂದರೆ ಗೊತ್ತಾಗುವುದು ಇಂಟರ್ನೆಟ್ ಕಂಪನಿ ಬದಲಿಸಿದ ದಿನ. ಹಳೆಯ ಪೆಟ್ಟಿಗೆ 1ರ ಸರಣಿಯದು, ಹೊಸದು 29ರ ಸರಣಿಯದು ಎಂದಿಟ್ಟುಕೊಳ್ಳಿ. ಕೈಯಾರೆ `192.168.1.50` ಎಂದು ಬರೆದಿದ್ದ ಪ್ರಿಂಟರ್ ಹೊಸ ರೂಟರಿಗೆ ಸೇರಿದರೂ ನಂಬರ್ ಕೇಳುವುದೇ ಇಲ್ಲ. ದೀಪ ಹತ್ತಿರುತ್ತದೆ, ರೂಟರಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ, 254 ಪಿಂಗ್ ಕಳಿಸಿದರೂ ಸುಳಿವು ಸಿಗುವುದಿಲ್ಲ. ಆಗ ಪ್ರಿಂಟರಿನ ಪುಟ ತೆಗೆದು ಗೇಟ್‌ವೇ ಸಾಲನ್ನು ಓದಿ, ಅದರ ಮೆನುವಿನಲ್ಲಿ ಐಪಿಯನ್ನು ಮತ್ತೆ ಆಟೋ ಅಥವಾ ಡಿಎಚ್‌ಸಿಪಿಗೆ ತಿರುಗಿಸಬೇಕು. ಪರದೆ ಇಲ್ಲದಿದ್ದರೆ ನೆಟ್‌ವರ್ಕ್ ರೀಸೆಟ್ ಮಾಡಬೇಕು. ಮೀಸಲು ದಾರಿ ಹಿಡಿದ ಅಂಗಡಿಯಲ್ಲಿ ಪ್ರಿಂಟರ್ ಹೊಸ ರೂಟರನ್ನು ಕೇಳಿ ಹೊಸ ನಂಬರ್ ಪಡೆದುಕೊಂಡಿರುತ್ತದೆ. ಅದನ್ನು ಹೊಸ ಪೆಟ್ಟಿಗೆಯಲ್ಲಿ ಮೀಸಲಿಟ್ಟು, ಮೂರು ಕಂಪ್ಯೂಟರುಗಳಲ್ಲಿ ಪ್ರಿಂಟರಿನ ಪೋರ್ಟ್ ಬದಲಿಸಿದರೆ ಗಿರಾಕಿಗಳನ್ನು ಕಾಯಿಸುವ ಹೊತ್ತು ಹತ್ತು ನಿಮಿಷಕ್ಕಿಂತ ಹೆಚ್ಚಾಗುವುದಿಲ್ಲ.